ತಪ್ಪಿದ ಮಾತ್ರೆ, ಮರೆತ ಇನ್ಸುಲಿನ್: ಸಕ್ಕರೆ ಕಾಯಿಲೆಯಲ್ಲಿ ಮುಂದೇನು?

ಸಕ್ಕರೆ ಕಾಯಿಲೆಯ ಔಷಧ ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕೆಂಬುದು ತಪ್ಪಿದ ಔಷಧ ಯಾವುದು ಎಂಬುದನ್ನು ಅವಲಂಬಿಸಿದೆ. ಕೆಲವು ಮಾತ್ರೆಗಳನ್ನು ನೆನಪಾದ ಕೂಡಲೇ ನುಂಗಬಹುದು. ಕೆಲವನ್ನು ಹೊತ್ತು ಮೀರಿದ ಮೇಲೆ ನುಂಗಿದರೆ ಉಪಯೋಗವಿಲ್ಲ. ಇನ್ನು ಕೆಲವನ್ನು ತಡವಾಗಿ ತೆಗೆದುಕೊಂಡರೆ ಅಪಾಯವೇ ಉಂಟು. ಇವುಗಳನ್ನು ಬೇರ್ಪಡಿಸಲು ಎರಡು ಪ್ರಶ್ನೆ ಸಾಕು. ಹೊಟ್ಟೆಯಲ್ಲಿ ಊಟವಿರಲಿ ಇಲ್ಲದಿರಲಿ, ಈ ಔಷಧ ರಕ್ತದ ಸಕ್ಕರೆಯನ್ನು ಇಳಿಸಿಯೇ ತೀರುತ್ತದೆಯೇ? ಒಮ್ಮೆ ತೆಗೆದುಕೊಂಡರೆ ಅದರ ಕೆಲಸ ಎಷ್ಟು ಗಂಟೆ ನಡೆಯುತ್ತದೆ?

ಎರಡನೆಯ ಬಗೆಯ ಸಕ್ಕರೆ ಕಾಯಿಲೆ ಇರುವವರ ಮೇದೋಜೀರಕ ಗ್ರಂಥಿ ಸ್ವಲ್ಪವಾದರೂ ಇನ್ಸುಲಿನ್ ಸ್ರವಿಸುತ್ತಿರುತ್ತದೆ. ಆದ್ದರಿಂದ ಒಂದು ಹೊತ್ತಿನ ಔಷಧ ತಪ್ಪಿದರೆ ಅವರ ಸಕ್ಕರೆ ಒಂದೆರಡು ದಿನ ಏರುಪೇರಾಗಬಹುದೇ ಹೊರತು ಜೀವಕ್ಕೆ ಕುತ್ತು ಬರುವುದು ಅಪರೂಪ. ಇವರಲ್ಲಿ ಆಸ್ಪತ್ರೆಯ ತನಕ ಹೋಗುವ ತೊಂದರೆ ಬಹುಮಟ್ಟಿಗೆ ಹುಟ್ಟುವುದು ಮರೆತದ್ದರಿಂದಲ್ಲ, ಮರೆತದ್ದನ್ನು ಸರಿದೂಗಿಸಲು ಹೋಗಿ ಎರಡು ಹೊತ್ತಿನದನ್ನು ಒಟ್ಟಿಗೆ ತೆಗೆದುಕೊಳ್ಳುವುದರಿಂದ. ಮೊದಲನೆಯ ಬಗೆಯ ಕಾಯಿಲೆಯಲ್ಲಿ ಸಂಗತಿ ತಿರುವುಮುರುವು. ಅಲ್ಲಿ ದೇಹದೊಳಗೆ ಇನ್ಸುಲಿನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಹಾಗಾಗಿ ತಪ್ಪಿದ ಇನ್ಸುಲಿನ್ನೇ ಅಪಾಯ. ಯಾರದೋ ಮನೆಯಲ್ಲಿ ಕೇಳಿದ ಸಲಹೆ ಮತ್ತೊಬ್ಬರಿಗೆ ಹೊಂದದಿರುವುದು ಈ ಕಾರಣಕ್ಕೆ.

ಮಾತ್ರೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಮೆಟ್‌ಫಾರ್ಮಿನ್‌ನಿಂದ ಆರಂಭಿಸಬಹುದು. ಯಕೃತ್ತು ರಕ್ತಕ್ಕೆ ಸುರಿಯುವ ಸಕ್ಕರೆಯನ್ನು ಇದು ತಗ್ಗಿಸುತ್ತದೆ, ಇನ್ಸುಲಿನ್ ಸ್ರಾವವನ್ನು ಹೆಚ್ಚಿಸುವುದಿಲ್ಲ. ಆದ್ದರಿಂದ ಇದೊಂದನ್ನೇ ತೆಗೆದುಕೊಳ್ಳುವವರಿಗೆ ಶುಗರ್ ಲೋ ಆಗುವ ಭಯ ತೀರಾ ಕಡಿಮೆ. ಬೆಳಗಿನ ತಿಂಡಿಯ ನಂತರದ ಮಾತ್ರೆ ಮರೆತು ಮಧ್ಯಾಹ್ನ ನೆನಪಾದರೆ ಊಟದ ಜೊತೆ ನುಂಗಬಹುದು. ರಾತ್ರಿಯ ಮಾತ್ರೆಯ ಹೊತ್ತಿಗೆ ನೆನಪಾದರೆ ಬೆಳಗಿನದನ್ನು ಬಿಟ್ಟು ರಾತ್ರಿಯದನ್ನಷ್ಟೇ ತೆಗೆದುಕೊಳ್ಳಬೇಕು. ಎರಡನ್ನೂ ಸೇರಿಸಿ ನುಂಗಿದರೆ ಸಕ್ಕರೆ ಹೆಚ್ಚೇನೂ ಇಳಿಯದು, ಹೊಟ್ಟೆ ಕೆಟ್ಟು ಭೇದಿಯಾಗುವುದು ಮಾತ್ರ ಖಂಡಿತ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೂ ಅದೇ ತೊಂದರೆ.

ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಎಂಬ ಗ್ಲಿಪ್ಟಿನ್ ವರ್ಗದ ಮಾತ್ರೆಗಳೂ ಸೌಮ್ಯ ಸ್ವಭಾವದವು. ರಕ್ತದಲ್ಲಿ ಸಕ್ಕರೆ ಏರಿದಾಗಷ್ಟೇ ಅವು ಇನ್ಸುಲಿನ್ ಸ್ರಾವಕ್ಕೆ ಒತ್ತು ಕೊಡುತ್ತವೆ. ನೆನಪಾದಾಗ ತೆಗೆದುಕೊಳ್ಳಬಹುದು, ಮುಂದಿನ ಮಾತ್ರೆಯ ಹೊತ್ತು ಹತ್ತಿರವಾಗಿದ್ದರೆ ಬಿಡಬೇಕು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಮತ್ತು ಎಂಪಾಗ್ಲಿಫ್ಲೋಜಿನ್‌ಗಳಿಗೆ ಸ್ಪಷ್ಟ ಲೆಕ್ಕವಿದೆ. ಮುಂದಿನ ಮಾತ್ರೆಗೆ 12 ಗಂಟೆ ಅಥವಾ ಹೆಚ್ಚು ಸಮಯ ಉಳಿದಿದ್ದರೆ ಈಗಲೇ ನುಂಗಬೇಕು, ಅದಕ್ಕಿಂತ ಕಡಿಮೆ ಇದ್ದರೆ ಬಿಡಬೇಕು. ಆದರೆ ಮಾತ್ರೆ ತಪ್ಪಿದ್ದು ವಾಂತಿ, ಭೇದಿ ಅಥವಾ ಉಪವಾಸದ ದಿನವಾಗಿದ್ದರೆ ನೆನಪಾದರೂ ತೆಗೆದುಕೊಳ್ಳಬಾರದು. ಊಟ, ನೀರು ಇಳಿಯದ ದಿನಗಳಲ್ಲಿ ಈ ಮಾತ್ರೆಗಳು ರಕ್ತವನ್ನು ಆಮ್ಲೀಯವಾಗಿಸಬಲ್ಲವು. ಮತ್ತೆ ಯಾವಾಗ ಆರಂಭಿಸಬೇಕೆಂದು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ವೋಗ್ಲಿಬೋಸ್ ಮತ್ತು ಅಕಾರ್ಬೋಸ್ ಕೆಲಸ ಮಾಡುವುದು ಕರುಳಿನೊಳಗೆ. ಅನ್ನ, ರೊಟ್ಟಿ, ಮುದ್ದೆಯ ಪಿಷ್ಟ ಸಕ್ಕರೆಯಾಗಿ ಒಡೆಯುವುದನ್ನು ಅವು ನಿಧಾನಗೊಳಿಸುತ್ತವೆ. ಮೊದಲ ತುತ್ತಿನ ಹೊತ್ತಿಗೇ ಮಾತ್ರೆ ಹೊಟ್ಟೆಯಲ್ಲಿರಬೇಕು. ಊಟದ ನಡುವೆ ನೆನಪಾದರೆ ಆಗಲೇ ತೆಗೆದುಕೊಳ್ಳಬಹುದು. ಕೈ ತೊಳೆದು ಎದ್ದ ಮೇಲೆ ನೆನಪಾದರೆ ಅಂದಿನ ಆ ಮಾತ್ರೆಯನ್ನು ಮರೆತೇಬಿಡುವುದು ಸರಿ, ತಡೆಯಬೇಕಾದ ಊಟ ಆಗಲೇ ಮುಂದೆ ಸಾಗಿರುತ್ತದೆ.

ನಿಜವಾದ ಎಚ್ಚರಿಕೆ ಬೇಕಾದದ್ದು ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್, ಗ್ಲಿಬೆನ್‌ಕ್ಲಮೈಡ್ ವರ್ಗದ ಮಾತ್ರೆಗಳಲ್ಲಿ. ಇವು ಮೇದೋಜೀರಕದಿಂದ ಇನ್ಸುಲಿನ್ನನ್ನು ಹಿಂಡಿ ತೆಗೆಯುತ್ತವೆ. ಸಕ್ಕರೆ 250 ಇದೆಯೋ 80 ಇದೆಯೋ ಅವು ನೋಡುವುದಿಲ್ಲ. ಗ್ಲಿಮೆಪಿರೈಡ್‌ನ ಪ್ರಭಾವ ಸುಮಾರು ಒಂದು ದಿನ ಉಳಿಯುತ್ತದೆ. ಅದಕ್ಕೆಂದೇ ಅದನ್ನು ದಿನದ ಮೊದಲ ದೊಡ್ಡ ಊಟದ ಮುಂಚೆ ಅಥವಾ ಅದರೊಂದಿಗೆ ಕೊಡುವುದು. ಮುಂದೆ ಮಧ್ಯಾಹ್ನದ ಊಟವಿದೆ, ಸಂಜೆಯ ಕುರುಕಲಿದೆ, ರಾತ್ರಿಯೂಟವಿದೆ, ಆ ಇನ್ಸುಲಿನ್‌ಗೆ ಕೆಲಸ ಸಿಗುತ್ತಲೇ ಇರುತ್ತದೆ. ಅದೇ ಮಾತ್ರೆಯನ್ನು ರಾತ್ರಿ ಮಲಗುವಾಗ ನೆನಪಿಸಿಕೊಂಡು ನುಂಗಿದರೆ, ಮುಂದಿನ ಏಳೆಂಟು ಗಂಟೆ ಹೊಟ್ಟೆಗೆ ಏನೂ ಬೀಳದ ಹೊತ್ತಿನಲ್ಲಿ ಅದು ಇನ್ಸುಲಿನ್ ಹಿಂಡುತ್ತಿರುತ್ತದೆ. ಬೆಳಗಿನ ಜಾವ ಮೈ ಬೆವರಿ, ಕೈಕಾಲು ನಡುಗಿ, ಮಾತು ತೊದಲುವ ಸ್ಥಿತಿ ಬರುವುದು ಹೀಗೆ. ಬೆವರು, ನಡುಕವಿಲ್ಲದೆ ಬರೀ ಮಂಕು ಕವಿದಂತೆ ಕಾಣುವ ವಯಸ್ಸಾದವರನ್ನು ಮನೆಯವರು ನಿದ್ದೆಯಲ್ಲಿದ್ದಾರೆಂದು ಬಿಟ್ಟುಬಿಡುವುದೂ ಉಂಟು.

ಹಾಗಾಗಿ ಈ ವರ್ಗದ ಮಾತ್ರೆ ಬೆಳಿಗ್ಗೆ ತಪ್ಪಿದ್ದು ತಿಂಡಿಯಾದ ಕೆಲ ನಿಮಿಷಗಳಲ್ಲೇ ನೆನಪಾದರೆ ತೆಗೆದುಕೊಳ್ಳಬಹುದು. ಮಧ್ಯಾಹ್ನ ನೆನಪಾದರೆ ಪೂರ್ಣ ಊಟ ಎದುರಿಗಿದ್ದಾಗ ಮಾತ್ರ, ಅದೂ ವೈದ್ಯರು ಹಾಗೆ ಮಾಡಬಹುದೆಂದು ಮೊದಲೇ ಹೇಳಿದ್ದರೆ. ಸಂಜೆಯ ಮೇಲೆ ನೆನಪಾದರೆ ಬೇಡ, ನಾಳೆ ಬೆಳಗಿನದನ್ನು ಎಂದಿನಂತೆ ತೆಗೆದುಕೊಂಡರೆ ಸಾಕು. 70 ದಾಟಿದವರು, ಮೂತ್ರಪಿಂಡ ದುರ್ಬಲವಾದವರು, ಹಿಂದೆ ಲೋ ಶುಗರ್‌ನಿಂದ ಬಿದ್ದವರು ಮಧ್ಯಾಹ್ನವೂ ಅದನ್ನು ಮುಟ್ಟದಿರುವುದೇ ಕ್ಷೇಮ. ಒಂದು ದಿನ ಸಕ್ಕರೆ 200ರ ಮೇಲೆ ನಿಂತರೆ ಆಗುವ ಹಾನಿ ಅಲ್ಪ. ರಾತ್ರಿ ಅದು 50ಕ್ಕೆ ಕುಸಿದರೆ ಆಗುವ ಹಾನಿ ಹಾಗಲ್ಲ.

ಇಲ್ಲಿ ಒಂದು ತೊಡಕಿದೆ. ನಮ್ಮ ಔಷಧದಂಗಡಿಗಳಲ್ಲಿ ಸಿಗುವ ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿ ಬಹಳಷ್ಟು ಎರಡು ಮೂರು ಔಷಧ ಸೇರಿಸಿದವು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಮೂರೂ ಒಂದೇ ಮಾತ್ರೆಯಲ್ಲಿರಬಹುದು. ಮುಂಭಾಗದ ದೊಡ್ಡ ಹೆಸರು ನೋಡಿದರೆ ಇದು ತಿಳಿಯದು. ಸ್ಟ್ರಿಪ್ಪಿನ ಹಿಂಬದಿಯಲ್ಲಿ ಚಿಕ್ಕ ಅಕ್ಷರದಲ್ಲಿ ಪ್ರತಿ ಔಷಧದ ಹೆಸರೂ ಮಿಲಿಗ್ರಾಂ ಲೆಕ್ಕವೂ ಇರುತ್ತದೆ. ಸ್ಟ್ರಿಪ್ ಕತ್ತರಿಸಿ ಕೊಟ್ಟಾಗ ಆ ಸಾಲು ಅರ್ಧಕ್ಕೇ ತುಂಡಾಗಿರುವುದೂ ಉಂಟು, ಆಗ ಅಂಗಡಿಯವರಿಂದಲೇ ಬಿಲ್ಲಿನ ಹಿಂದೆ ಬರೆಸಿಕೊಳ್ಳುವುದು ಒಳ್ಳೆಯದು. ಇಂಥ ಕೂಡುಮಾತ್ರೆ ತಪ್ಪಿದರೆ ಅದರೊಳಗಿನ ಅತಿ ಅಪಾಯದ ಔಷಧದ ನಿಯಮವೇ ಇಡೀ ಮಾತ್ರೆಗೆ ಅನ್ವಯ. ಗ್ಲಿಮೆಪಿರೈಡ್ ಇದ್ದರೆ, ಜೊತೆಗೆ ಎಷ್ಟೇ ಸೌಮ್ಯ ಔಷಧವಿದ್ದರೂ, ಅದನ್ನು ಗ್ಲಿಮೆಪಿರೈಡ್ ಎಂದೇ ಎಣಿಸಬೇಕು. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಕೂಡ ಸೇರಿದ್ದರೆ ಲೋ ಆದಾಗ ಅಡುಗೆಮನೆಯ ಸಕ್ಕರೆ ನಿಧಾನವಾಗಿ ಒಡೆಯುತ್ತದೆ. ಅಂಥವರ ಮನೆಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು.

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಗಳ ಲೆಕ್ಕ ದಿನಗಳದ್ದು. ಸೆಮಾಗ್ಲುಟೈಡ್ ತಪ್ಪಿದ ದಿನದಿಂದ 5 ದಿನದೊಳಗೆ ನೆನಪಾದರೆ ತೆಗೆದುಕೊಳ್ಳಬಹುದು, ಮೀರಿದ್ದರೆ ಮುಂದಿನ ವಾರದ ನಿಗದಿತ ದಿನದವರೆಗೆ ಕಾಯಬೇಕು. ಡುಲಾಗ್ಲುಟೈಡ್‌ನಲ್ಲಿ ಮುಂದಿನ ಸೂಜಿಗೆ ಕನಿಷ್ಠ 3 ದಿನ ಉಳಿದಿರಬೇಕು.

ಇನ್ಸುಲಿನ್‌ನ ವಿಚಾರಕ್ಕೆ ಬಂದರೆ ಯಾವ ಇನ್ಸುಲಿನ್ ಎಂಬುದು ಮೊದಲು ತಿಳಿದಿರಬೇಕು. ಊಟದ ಹೊತ್ತಿಗೆ ತೆಗೆದುಕೊಳ್ಳುವ ಲಿಸ್‌ಪ್ರೋ, ಆಸ್ಪಾರ್ಟ್, ಗ್ಲುಲಿಸಿನ್ ಬೇಗ ಆರಂಭವಾಗಿ ಮೂರರಿಂದ ಐದು ಗಂಟೆಯಲ್ಲಿ ಮುಗಿಯುತ್ತವೆ. ಅವನ್ನು ತಟ್ಟೆಯ ಮುಂದೆ ಕುಳಿತಾಗ ಮರೆತು ಊಟ ಮುಗಿಯುತ್ತಿದ್ದಂತೆ ನೆನಪಾದರೆ ಆಗಲೇ ಪೂರ್ತಿ ತೆಗೆದುಕೊಳ್ಳಬಹುದು. ಊಟವಾಗಿ ಒಂದೆರಡು ಗಂಟೆಯಾಗಿದ್ದರೆ ಸಕ್ಕರೆ ಪರೀಕ್ಷಿಸಿ, ಸಾಮಾನ್ಯವಾಗಿ ಅರ್ಧದಷ್ಟು. ಅದಕ್ಕೂ ತಡವಾದರೆ ಆ ಊಟದ ಇನ್ಸುಲಿನ್ ಎಂಬುದು ಮುಗಿದ ಅಧ್ಯಾಯ. ಮುಂದಿನ ಊಟದ ಮುಂಚೆ ಸಕ್ಕರೆ ನೋಡಿ, ವೈದ್ಯರು ಹೆಚ್ಚುವರಿ ಯೂನಿಟ್‌ಗಳ ಲೆಕ್ಕ ಕೊಟ್ಟಿದ್ದರೆ ಅದರಂತೆ ನಡೆಯಬೇಕು.

ಇಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 30/70 ಎಂಬ ಮಿಶ್ರ ಇನ್ಸುಲಿನ್. ಅದರಲ್ಲಿ ಶೇಕಡ 30 ಭಾಗ ಬೇಗ ಕೆಲಸ ಮಾಡುವಂಥದ್ದು, ಶೇಕಡ 70 ಭಾಗ ನಿಧಾನದ್ದು. ನಿಧಾನದ ಭಾಗದ ಜೋರು ಸುಮಾರು 4ನೇ ಗಂಟೆಯಿಂದ 10ನೇ ಗಂಟೆಯವರೆಗೆ, ಆಮೇಲೂ ಅದು ಕೆಲವು ಗಂಟೆ ಉಳಿಯುತ್ತದೆ. ಮರೆವಿನ ವಿಚಾರದಲ್ಲಿ ಇದರಷ್ಟು ತೊಡಕಿನ ಇನ್ಸುಲಿನ್ ಮತ್ತೊಂದಿಲ್ಲ. ಒಂದೇ ಸೂಜಿಯಲ್ಲಿ ಆಗಿಹೋದ ಊಟಕ್ಕೂ ಮುಂದೆ ಬರುವ ಹೊತ್ತಿಗೂ ಎರಡಕ್ಕೂ ಔಷಧ ಇರುವುದೇ ಅದಕ್ಕೆ ಕಾರಣ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎರಡನೆಯ ಬಗೆಯ ಕಾಯಿಲೆಯಿರುವ 62 ವರ್ಷದ ಗೃಹಿಣಿಯೊಬ್ಬರಿಗೆ ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ 22 ಯೂನಿಟ್, ರಾತ್ರಿ ಊಟದ ಮುಂಚೆ 14 ಯೂನಿಟ್ ಮಿಶ್ರ ಇನ್ಸುಲಿನ್ ಇದೆ. ಜೊತೆಗೆ ಎರಡು ಹೊತ್ತೂ 500 ಮಿಲಿಗ್ರಾಂ ಮೆಟ್‌ಫಾರ್ಮಿನ್. ಸಂಬಂಧಿಕರ ಮದುವೆಗೆಂದು ಬೆಳಿಗ್ಗೆ 6ಕ್ಕೇ ಹೊರಟಿದ್ದಾರೆ. ಛತ್ರದಲ್ಲಿ 8.30ಕ್ಕೆ ಇಡ್ಲಿ, ಕೇಸರಿಬಾತ್ ಆಗಿದೆ. 12.30ಕ್ಕೆ ಊಟದ ಎಲೆ ಹಾಕುವಾಗ ಸೂಜಿ ಚುಚ್ಚಿಕೊಂಡಿಲ್ಲವೆಂಬುದು ನೆನಪಾಗುತ್ತದೆ. ಇನ್ಸುಲಿನ್ ಬ್ಯಾಗಿನಲ್ಲೇ ಇದೆ. ಗ್ಲುಕೋಮೀಟರ್ 268 ತೋರಿಸುತ್ತದೆ.

ಈಗಲೇ 22 ಯೂನಿಟ್ ತೆಗೆದುಕೊಂಡರೆ ಅದರಲ್ಲಿ ಸುಮಾರು 15 ಯೂನಿಟ್ ನಿಧಾನದ ಭಾಗ. ಅದರ ಜೋರು ಸಂಜೆ 4.30ರಿಂದ ರಾತ್ರಿ 10.30ರವರೆಗೆ. ರಾತ್ರಿ 8ಕ್ಕೆ ಎಂದಿನ 14 ಯೂನಿಟ್ ಸೇರಿತೆಂದರೆ ಅದರ ಬೇಗದ ಭಾಗವಾದ ನಾಲ್ಕು ಯೂನಿಟ್ ಚುರುಕಾಗುವ ಹೊತ್ತಿಗೆ ಮಧ್ಯಾಹ್ನದ್ದು ಇನ್ನೂ ಜೋರಿನಲ್ಲಿರುತ್ತದೆ. ಮಧ್ಯಾಹ್ನದ್ದು ಪೂರ್ತಿ ತಗ್ಗುವ ಮೊದಲೇ ರಾತ್ರಿಯ ನಿಧಾನದ ಭಾಗವೂ ಏಳುತ್ತದೆ. ಮದುವೆ ಓಡಾಟದಲ್ಲಿ ದಣಿದು, ಮಧ್ಯಾಹ್ನದ ಊಟ ಭಾರವಾಯಿತೆಂದು ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿದರೆ ಲೋ ಆಗಲು ಬೇಕಾದದ್ದೆಲ್ಲ ಕೂಡಿಬಂದಂತೆ.

ಇವರು ಮಾಡಬೇಕಾದದ್ದು ಇಷ್ಟು. ಬೆಳಗಿನ ಇನ್ಸುಲಿನ್ ಬಿಡಬೇಕು. ತಪ್ಪಿಹೋದ ಮೆಟ್‌ಫಾರ್ಮಿನ್ ಮಾತ್ರೆಯನ್ನು ಊಟದೊಂದಿಗೆ ತೆಗೆದುಕೊಳ್ಳಬಹುದು, ರಾತ್ರಿಯದಕ್ಕೆ ಇನ್ನೂ ಎಂಟು ಗಂಟೆಯಿದೆ. ಎಲೆಯಲ್ಲಿ ಅನ್ನ ಕಡಿಮೆ, ಪಲ್ಯ, ಕೋಸಂಬರಿ ಹೆಚ್ಚು, ಹೋಳಿಗೆ, ಪಾಯಸ ಇವತ್ತಿಗೆ ಬೇಡ. ಸಾಕಷ್ಟು ನೀರು ಕುಡಿಯಬೇಕು. ಸಂಜೆ 5ಕ್ಕೆ ಒಮ್ಮೆ, ರಾತ್ರಿ ಊಟಕ್ಕೆ ಮೊದಲು ಮತ್ತೊಮ್ಮೆ ಸಕ್ಕರೆ ನೋಡಬೇಕು. ರಾತ್ರಿ ಎಂದಿನ 14 ಯೂನಿಟ್ ಮಾತ್ರ, ಮೀಟರಿನ ಅಂಕಿ ನೋಡಿ ಗಾಬರಿಯಿಂದ ನಾಲ್ಕು ಯೂನಿಟ್ ಜಾಸ್ತಿ ಮಾಡಬಾರದು. ಮಧ್ಯಾಹ್ನವೇ ವೈದ್ಯರಿಗೆ ಫೋನ್ ಸಿಕ್ಕರೆ ಅವರು ಸ್ವಲ್ಪ ಭಾಗ ತೆಗೆದುಕೊಳ್ಳಲು ಹೇಳಬಹುದು. ಅದು ಅವರ ತೀರ್ಮಾನ, ಛತ್ರದಲ್ಲಿ ಕೂತು ಅಂದಾಜಿಸುವಂಥದ್ದಲ್ಲ. ಸಕ್ಕರೆ 300 ದಾಟಿ ಇಳಿಯದೆ ನಿಂತರೆ, ವಾಂತಿ ಅಥವಾ ವಿಪರೀತ ಸುಸ್ತು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಇದೇ ಗೃಹಿಣಿಗೆ ಇಡ್ಲಿ ತಿಂದ ಅರ್ಧ ಗಂಟೆಯೊಳಗೆ ನೆನಪಾಗಿದ್ದರೆ ಸಾಮಾನ್ಯವಾಗಿ ಆಗಲೇ ಚುಚ್ಚಿಕೊಳ್ಳಬಹುದಿತ್ತು, ಮಧ್ಯಾಹ್ನದ ಊಟವನ್ನು ತಡಮಾಡಬಾರದು ಎಂಬ ಎಚ್ಚರದೊಂದಿಗೆ. ರಾತ್ರಿಯ ಮಿಶ್ರ ಇನ್ಸುಲಿನ್ ಮರೆತು ಮಲಗುವ ಮುನ್ನ ನೆನಪಾದಾಗಲೂ ಇದೇ ನ್ಯಾಯ: ಊಟವಿಲ್ಲದೆ ಪೂರ್ತಿ ತೆಗೆದುಕೊಳ್ಳಬಾರದು.

ದಿನಕ್ಕೊಮ್ಮೆ ತೆಗೆದುಕೊಳ್ಳುವ ದೀರ್ಘಾವಧಿಯ ಇನ್ಸುಲಿನ್‌ನ ದಾರಿ ಬೇರೆ. ಅದು ಊಟಕ್ಕಲ್ಲ, ದಿನವಿಡೀ ದೇಹಕ್ಕೆ ಬೇಕಾದ ಅಡಿಪಾಯದ ಇನ್ಸುಲಿನ್. ಡೆಗ್ಲುಡೆಕ್ ಆದರೆ ನೆನಪಾದಾಗ ಪೂರ್ತಿ ತೆಗೆದುಕೊಂಡು, ಮುಂದಿನದಕ್ಕೆ ಕನಿಷ್ಠ 8 ಗಂಟೆ ಅಂತರವಿರುವಂತೆ ನೋಡಿಕೊಂಡರೆ ಆಯಿತು. ಗ್ಲಾರ್ಜಿನ್‌ನಲ್ಲಿ ಒಂದೆರಡು ಗಂಟೆ ತಡವಾದರೆ ಪೂರ್ತಿಯೇ ತೆಗೆದುಕೊಳ್ಳಬಹುದು. ಅದಕ್ಕೂ ತಡವಾದಾಗ ಉಳಿದ ಗಂಟೆಗಳಿಗೆ ತಕ್ಕಷ್ಟು ತೆಗೆದುಕೊಳ್ಳುವ ಲೆಕ್ಕವೊಂದಿದೆ. ರಾತ್ರಿ 10ಕ್ಕೆ 24 ಯೂನಿಟ್ ತೆಗೆದುಕೊಳ್ಳುವವರಿಗೆ ಬೆಳಿಗ್ಗೆ 6ಕ್ಕೆ ನೆನಪಾಯಿತು ಎನ್ನೋಣ. 8 ಗಂಟೆ ಕಳೆದಿದೆ, ಮುಂದಿನ ಸೂಜಿಗೆ 16 ಗಂಟೆ ಉಳಿದಿದೆ. ದಿನದ ಮೂರರಲ್ಲಿ ಎರಡು ಪಾಲು ಉಳಿದಿರುವುದರಿಂದ 24ರ ಮೂರರಲ್ಲಿ ಎರಡು ಪಾಲು, ಅಂದರೆ 16 ಯೂನಿಟ್. ರಾತ್ರಿ 10ಕ್ಕೆ ಮತ್ತೆ ಎಂದಿನ 24. ಈ ಲೆಕ್ಕ ತಮಗೆ ಹೊಂದುತ್ತದೆಯೇ ಎಂದು ಮುಂದಿನ ಭೇಟಿಯಲ್ಲೇ ವೈದ್ಯರನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಂಡರೆ ಮರೆತ ದಿನ ತಡಕಾಡುವ ಪ್ರಮೇಯವಿರುವುದಿಲ್ಲ.

ಮೊದಲನೆಯ ಬಗೆಯ ಕಾಯಿಲೆ ಇರುವವರು, ಅದರಲ್ಲೂ ಮಕ್ಕಳು, ಈ ಅಡಿಪಾಯದ ಇನ್ಸುಲಿನ್ನನ್ನು ಎಂದಿಗೂ ಬಿಡುವಂತಿಲ್ಲ. ಜ್ವರ ಬಂದು ಏನೂ ತಿನ್ನದ ದಿನವೂ ಅದು ಬೇಕು. ಇನ್ಸುಲಿನ್ ಇಲ್ಲದಾಗ ದೇಹ ಕೊಬ್ಬನ್ನು ಉರಿಸತೊಡಗುತ್ತದೆ, ಅದರಿಂದ ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ಶೇಖರವಾಗುತ್ತದೆ. ಇದು ಕೆಲವೇ ಗಂಟೆಗಳ ಮಾತು. ಸೂಜಿ ತಪ್ಪಿದ ಮೇಲೆ ಸಕ್ಕರೆ 250 ದಾಟಿದ್ದರೆ ಔಷಧದಂಗಡಿಯಲ್ಲಿ ಸಿಗುವ ಕೀಟೋನ್ ಪಟ್ಟಿಯಿಂದ ಮೂತ್ರ ಪರೀಕ್ಷಿಸಬೇಕು. ಪಟ್ಟಿಯ ಬಣ್ಣ ಗಾಢವಾದರೆ, ಹೊಟ್ಟೆನೋವು, ವಾಂತಿ, ಏದುಸಿರು, ಬಾಯಿಂದ ಕೊಳೆತ ಹಣ್ಣಿನ ವಾಸನೆ ಕಂಡರೆ ಮನೆಯಲ್ಲಿ ಕಾಯುವಂತಿಲ್ಲ. ಮಗುವಿನ ವಾಂತಿಯನ್ನು ಅಜೀರ್ಣವೆಂದು ತಿಳಿದು ಅರ್ಧ ದಿನ ಕಳೆದುಬಿಡುವ ತಪ್ಪು ಇಲ್ಲೇ ಆಗುವುದು.

ಊರಿಗೆ ಹೋದಾಗ ಇನ್ಸುಲಿನ್ ಮನೆಯಲ್ಲೇ ಉಳಿದು, ಸಿಕ್ಕ ಅಂಗಡಿಯಲ್ಲಿ ಹೊಸದಾಗಿ ಕೊಳ್ಳುವವರು ಬಾಟಲಿಯ ಮೇಲಿನ ಅಂಕಿ ಓದಲೇಬೇಕು. ಭಾರತದಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಯೂ, 100 ಯೂನಿಟ್ ಇರುವುದೂ ಸಿಗುತ್ತವೆ. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ್ದು. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬಂದದ್ದು ಅರ್ಧ ಮಿಲಿಲೀಟರ್, ಅಂದರೆ 20 ಅಲ್ಲ, 50 ಯೂನಿಟ್.

ತೆಗೆದುಕೊಂಡೆನೋ ಇಲ್ಲವೋ ಎಂಬ ಅನುಮಾನ ಮರೆವಿಗಿಂತ ಹೆಚ್ಚು ಜನರನ್ನು ಕಾಡುತ್ತದೆ. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್ ವರ್ಗದ ಮಾತ್ರೆಗಳಲ್ಲಿ ಅನುಮಾನ ಬಂದರೆ ತೆಗೆದುಕೊಂಡಾಗಿದೆ ಎಂದೇ ಎಣಿಸಿ, ಎರಡು ಮೂರು ಗಂಟೆಗೊಮ್ಮೆ ಸಕ್ಕರೆ ನೋಡುತ್ತಿರಬೇಕು. ನಿಜಕ್ಕೂ ತಪ್ಪಿದ್ದರೆ ಅಂಕಿ ಏರುತ್ತಾ ಹೋಗಿ ತಾನೇ ಹೇಳುತ್ತದೆ. ವಾರದ ಏಳು ದಿನಕ್ಕೆ ಖಾನೆಗಳಿರುವ ಮಾತ್ರೆ ಡಬ್ಬಿ, ಅಥವಾ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಸೂಜಿ ಹಾಕಿಕೊಂಡ ಕೂಡಲೇ ಎಳೆಯುವ ಒಂದು ಗೆರೆ ಈ ಅನುಮಾನವನ್ನು ಬಹುಪಾಲು ತಪ್ಪಿಸುತ್ತದೆ.

ಎರಡು ಸಲ ತೆಗೆದುಕೊಂಡದ್ದು ಖಚಿತವಾದರೆ ಔಷಧಕ್ಕೆ ತಕ್ಕಂತೆ ನಡೆಯಬೇಕು. ಒಮ್ಮೆ ದುಪ್ಪಟ್ಟಾದ ಮೆಟ್‌ಫಾರ್ಮಿನ್ ಮೂತ್ರಪಿಂಡ ಚೆನ್ನಾಗಿರುವವರಿಗೆ ಸಾಮಾನ್ಯವಾಗಿ ಹೊಟ್ಟೆಯ ತೊಂದರೆಯಷ್ಟೇ ತರುತ್ತದೆ. ಊಟದ ಇನ್ಸುಲಿನ್ ದುಪ್ಪಟ್ಟಾಗಿದ್ದರೆ ಕೂಡಲೇ ಇನ್ನಷ್ಟು ತಿಂದು, ವೈದ್ಯರಿಗೆ ತಿಳಿಸಿ, ಅದರ ಪ್ರಭಾವ ಮುಗಿಯುವ ಐದು ಗಂಟೆಯವರೆಗೆ ಪ್ರತಿ ಗಂಟೆ ಸಕ್ಕರೆ ನೋಡಬೇಕು. ಅದು 70ಕ್ಕಿಂತ ಇಳಿದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಗ್ಲಿಮೆಪಿರೈಡ್ ಅಥವಾ ದೀರ್ಘಾವಧಿಯ ಇನ್ಸುಲಿನ್ ದುಪ್ಪಟ್ಟಾಗಿದ್ದರೆ ಸಕ್ಕರೆ ನೀರು ಕುಡಿದು ಅಂಕಿ ಸರಿಹೋಯಿತೆಂದು ಮಲಗುವಂತಿಲ್ಲ. ಔಷಧ ಇನ್ನೂ ಒಳಗೇ ಇರುತ್ತದೆ, ಒಂದೆರಡು ಗಂಟೆಯಲ್ಲಿ ಸಕ್ಕರೆ ಮತ್ತೆ ಕುಸಿಯುತ್ತದೆ. ಇಂಥವರನ್ನು ಆಸ್ಪತ್ರೆಯಲ್ಲಿ ಒಂದು ದಿನವಾದರೂ ಇಟ್ಟುಕೊಂಡು ನೋಡುವುದು ಇದಕ್ಕಾಗಿ.